ಟವೆಲ್ ಕೆಳಗಿನ ದರಪಟ್ಟಿ

ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ನೋಡಿದವರಿಗೆ ಗೊತ್ತು. ದಲ್ಲಾಳಿ ಮತ್ತು ಕೊಳ್ಳುವವನು ಟವೆಲ್ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಹಿಚುಕಿ ದರ ಹೇಳಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಇಬ್ಬರ ಮುಖ ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ. ಈ ಕಲೆ ಅಳಿದುಹೋಗುತ್ತಿದೆ ಎಂದು ಜಾನಪದ ವಿದ್ವಾಂಸರು ಕೊರಗಬೇಕಾಗಿಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಯಾವುದಾದರೂ ಸಾಫ್ಟ್‌ವೇರ್ ಕನ್ಸಲ್ಟೆನ್ಸಿಯ ಮೆಟ್ಟಿಲು ಹತ್ತಿ ದರ ಕೇಳಿ. ಎಸಿ ಇರುತ್ತದೆ, ಗಾಜಿನ ಬಾಗಿಲು ಇರುತ್ತದೆ, ಟವೆಲ್ಲೂ ಇರುತ್ತದೆ.

ಹಾಗೆಂದು ವೆಬ್‌ಸೈಟಿನಲ್ಲಿ ‘ನಮ್ಮ ದರಗಳು’ ಎಂಬ ಪುಟ ಇಲ್ಲವೆಂದಲ್ಲ. ತೆರೆದರೆ ಮೂರು ಡಬ್ಬಿ: ಸಿಲ್ವರ್, ಗೋಲ್ಡ್, ಪ್ಲಾಟಿನಂ. ನಡುವಿನ ಡಬ್ಬಿ ಉಳಿದೆರಡಕ್ಕಿಂತ ತುಸು ಎತ್ತರ, ನೆತ್ತಿಯ ಮೇಲೆ ‘ಅತಿ ಜನಪ್ರಿಯ’ ಎಂಬ ಪಟ್ಟಿ. ಯಾವ ಜನಕ್ಕೆ ಪ್ರಿಯ ಎಂದು ಕೇಳಬಾರದು, ಆ ಪಟ್ಟಿ ಟೆಂಪ್ಲೇಟಿನ ಜೊತೆಗೇ ಬಂದದ್ದು. ಸಿಲ್ವರ್‌ನಲ್ಲಿ ಐದು ಟಿಕ್ ಗುರುತು, ಗೋಲ್ಡ್‌ನಲ್ಲಿ ಒಂಬತ್ತು, ಪ್ಲಾಟಿನಂನಲ್ಲಿ ಹದಿನಾಲ್ಕು. ಬೆಲೆ ಇರಬೇಕಾದ ಜಾಗದಲ್ಲಿ ಮಾತ್ರ ಮೂರಕ್ಕೂ ಒಂದೇ ಮಾತು: ‘ಸಂಪರ್ಕಿಸಿ’.

ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರು ಈ ಪುಟ ನೋಡಿದರು ಎಂದುಕೊಳ್ಳಿ. ಹರಿಹರ, ಹೊನ್ನಾಳಿ ಕಡೆಯ ಅಂಗಡಿಗಳಿಗೆ ಎಷ್ಟು ಚೀಲ ಹೋಯಿತು, ಯಾರ ಉದ್ರಿ ಎಷ್ಟು ಬಾಕಿ, ಇವೆರಡೂ ವಸೂಲಿಗೆ ಹೋಗುವ ಹುಡುಗನ ಮೊಬೈಲಿನಲ್ಲಿ ಕಾಣಬೇಕು. ಅವರ ಅಗತ್ಯ ಇಷ್ಟೇ. ಸಿಲ್ವರೋ ಗೋಲ್ಡೋ ತಿಳಿಯದೆ ಫೋನ್ ಮಾಡುತ್ತಾರೆ.

“ನಮ್ಮ ಉದ್ರಿ ಲೆಕ್ಕಕ್ಕ ಒಂದು ಸಾಫ್ಟ್‌ವೇರ್ ಬೇಕಾಗಿತ್ರಿ. ಎಷ್ಟಾಗತೈತಿ?”

“ಅದು ನಿಮ್ಮ ರಿಕ್ವೈರ್‌ಮೆಂಟ್ ಮೇಲೆ ಡಿಪೆಂಡ್ ಆಗುತ್ತೆ ಸರ್.”

“ಅಂದಾಜು ಹೇಳ್ರಿ. ಐವತ್ತು ಸಾವಿರನೋ, ಐದು ಲಕ್ಷನೋ?”

“ಒಂದು ಮೀಟಿಂಗ್ ಮಾಡೋಣ ಸರ್. ಅಂದಂಗೆ ನಿಮ್ಮ ಬಜೆಟ್ ಎಷ್ಟು?”

ಟವೆಲ್ ಹಾಸಿಯಾಯಿತು. ಮಾಲೀಕರೂ ವ್ಯಾಪಾರದಲ್ಲೇ ಬೆಳೆದವರು. “ಮನ್ಯಾಗ ಕೇಳಿ ಹೇಳ್ತೀನ್ರಿ” ಎಂದು ಫೋನ್ ಇಡುತ್ತಾರೆ. ಆ ಮನೆಯವರು ಇಂದಿಗೂ ಉತ್ತರ ಹೇಳಿಲ್ಲ. ಕಂಪನಿಯ ಸೋಮವಾರದ ಸಭೆಯಲ್ಲಿ ಮಾತ್ರ, ದಾವಣಗೆರೆ ಜನಕ್ಕೆ ಟೆಕ್ನಾಲಜಿಯ ಬೆಲೆ ಗೊತ್ತಿಲ್ಲ ಎಂಬ ಠರಾವು ಪಾಸಾಗುತ್ತದೆ. ಗೊತ್ತಿಲ್ಲ, ನಿಜ. ಹೇಳಿದವರು ಯಾರು?

ದರ ಬರೆಯದಿರಲು ಅವರ ಬಳಿ ಎರಡು ಶಾಸ್ತ್ರೋಕ್ತ ಕಾರಣಗಳಿವೆ. ಮೊದಲನೆಯದು, ಎದುರಾಳಿ ನೋಡಿಬಿಡುತ್ತಾನೆ. ಎದುರಾಳಿ ಕಳೆದ ವರ್ಷವೇ ತನ್ನ ಭಾವಮೈದುನನ ನಂಬರಿನಿಂದ ಗಿರಾಕಿಯಂತೆ ಫೋನ್ ಮಾಡಿ, ಕೊಟೇಶನ್ ತರಿಸಿಕೊಂಡು, ಅದರ ಅಕ್ಷರದೋಷಗಳ ಸಮೇತ ನಕಲು ಮಾಡಿಕೊಂಡಿದ್ದಾನೆ. ದರ ತಿಳಿಯದೆ ಉಳಿದವನು ಗಿರಾಕಿ ಒಬ್ಬನೇ.

ಎರಡನೆಯ ಕಾರಣದಲ್ಲಿ ಸ್ವಲ್ಪ ಹುರುಳಿದೆ: ಪ್ರತಿ ಕೆಲಸವೂ ಬೇರೆ, ಒಂದೇ ದರ ಹೇಗೆ ಬರೆಯುವುದು? ಒಪ್ಪೋಣ. ಹಾಗಿದ್ದರೆ ಆ ಮೂರು ಡಬ್ಬಿ ಏಕೆ? ತಿಂಗಳ ಚಂದಾಕ್ಕೆ ಮಾರುವ ಸಿದ್ಧ ಸಾಫ್ಟ್‌ವೇರಿಗೆ ಮೂರು ಡಬ್ಬಿ ಒಪ್ಪುತ್ತದೆ. ಅಲ್ಲಿ ಒಂದೇ ಸರಕು ಸಾವಿರ ಜನಕ್ಕೆ ಹೋಗುತ್ತದೆ, ಹೊಸ ಗಿರಾಕಿಯೊಬ್ಬ ಬಂದರೆ ಖರ್ಚು ಹೆಚ್ಚೇನೂ ಏರುವುದಿಲ್ಲ. ಕನ್ಸಲ್ಟೆನ್ಸಿ ಮಾರುವುದು ಮನುಷ್ಯರ ದಿನಗಳನ್ನು. ದಿನಗಳಿಗೆ ಚಿನ್ನ ಬೆಳ್ಳಿಯ ಹೆಸರಿಟ್ಟರೆ ಗಿರಾಕಿಗೆ ಏನೂ ತಿಳಿಯುವುದಿಲ್ಲ, ದಿನಕ್ಕೆ ಎಷ್ಟು ಮತ್ತು ಸುಮಾರು ಎಷ್ಟು ದಿನ ಎಂದರೆ ತಿಳಿಯುತ್ತದೆ.

ಅದೇ ಮಂಡಕ್ಕಿ ಲೆಕ್ಕವನ್ನು ಬೆಳಕಿಗೆ ತಂದು ನೋಡೋಣ. ಒಬ್ಬರ ಒಂದು ದಿನದ ಕೆಲಸಕ್ಕೆ ಕಂಪನಿಯ ದರ ರೂ. 4,000 ಎಂದುಕೊಳ್ಳಿ. ಇಬ್ಬರು 15 ದಿನ ಕೂತರೆ ಕೆಲಸ ಮುಗಿಯುತ್ತದೆ. ಅಲ್ಲಿಗೆ ರೂ. 1,20,000. ಪುಟದಲ್ಲಿ ಬರೆಯಬೇಕಾದದ್ದು ಇಷ್ಟು: ‘ಚೀಲ ಮತ್ತು ಉದ್ರಿ ಲೆಕ್ಕದ ಮೊಬೈಲ್ ಆ್ಯಪ್, ಒಂದು ಗೋದಾಮು, ಐದು ಬಳಕೆದಾರರು, ಕನ್ನಡದಲ್ಲಿ: ರೂ. 1,20,000ದಿಂದ. ಮೂರರಿಂದ ನಾಲ್ಕು ವಾರ.’ ಅದರ ಕೆಳಗೇ ದರ ಯಾವುದರಿಂದ ಏರುತ್ತದೆ ಎಂಬುದನ್ನೂ ಹೇಳಬೇಕು. ಹಳೆಯ ಖಾತೆಪುಸ್ತಕದ ಬಾಕಿಯನ್ನೆಲ್ಲ ಒಳಗೆ ತುಂಬಬೇಕೆ? ಟ್ಯಾಲಿಗೋ ತೂಕದ ಯಂತ್ರಕ್ಕೋ ಜೋಡಿಸಬೇಕೆ? ಮಾಲೀಕ, ಗುಮಾಸ್ತ, ವಸೂಲಿ ಹುಡುಗ, ಒಬ್ಬೊಬ್ಬರಿಗೂ ಬೇರೆ ಬೇರೆ ಪರದೆ ಬೇಕೆ? ಬಹುತೇಕ ಕೆಲಸಗಳು ಉಬ್ಬುವುದು ಈ ಮೂರರಲ್ಲೇ. ಒಂದೊಂದಕ್ಕೂ ಸುಮಾರು ಎಷ್ಟು ದಿನ ಸೇರುತ್ತದೆಂದು ಬರೆದರೆ, ಗಿರಾಕಿ ಫೋನ್ ಮಾಡುವ ಮೊದಲೇ ತನ್ನ ಲೆಕ್ಕ ಹಾಕಿಕೊಂಡಿರುತ್ತಾನೆ.

‘ದಿಂದ’ ಎಂಬ ಪ್ರತ್ಯಯದ ಮೇಲೆ ಮಾತ್ರ ಒಂದು ಕಣ್ಣಿರಲಿ. ‘ರೂ. 9,999ರಿಂದ’ ಎಂದು ಬರೆದು, ಆ ದರಕ್ಕೆ ಜನ್ಮದಲ್ಲಿ ಒಂದು ಬಿಲ್ಲನ್ನೂ ಮಾಡದ ಕಂಪನಿಗಳಿವೆ. ಪರೀಕ್ಷೆ ಸುಲಭ. ಕಳೆದ ವರ್ಷದ ಬಿಲ್ಲುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ. ಕೆಳಗಿನ ಕಾಲುಭಾಗ ಎಲ್ಲಿ ಮುಗಿಯುತ್ತದೋ ಅದು ‘ಇಷ್ಟರಿಂದ’, ನಟ್ಟನಡುವಿನ ಬಿಲ್ಲು ‘ಸಾಮಾನ್ಯವಾಗಿ ಇಷ್ಟು’. ಎರಡನ್ನೂ ಬರೆಯಿರಿ. ಆರಂಭದ ದರಕ್ಕೂ ಕೊನೆಯ ಕೊಟೇಶನ್ನಿಗೂ ಮೂರು ಪಟ್ಟು ಅಂತರ ಬಿದ್ದರೆ ಗಿರಾಕಿ ಅದನ್ನು ಮೋಸ ಎನ್ನುತ್ತಾನೆ, ಮತ್ತು ಅವನ ಮಾತು ಸರಿಯಾಗಿರುತ್ತದೆ.

ತೆರಿಗೆಗೆ ಬನ್ನಿ. ಪುಟದ ತಳದಲ್ಲಿ, ಇರುವೆ ಓದುವಷ್ಟು ಸಣ್ಣ ಅಕ್ಷರದಲ್ಲಿ, ‘ತೆರಿಗೆ ಪ್ರತ್ಯೇಕ’. ಸಾಫ್ಟ್‌ವೇರ್ ಸೇವೆಯ ಮೇಲೆ ಜಿಎಸ್‌ಟಿ ಶೇ. 18. ನಮ್ಮ ಲೆಕ್ಕಕ್ಕೆ ಅದು ರೂ. 21,600 ಆಯಿತು, ಒಟ್ಟು ರೂ. 1,41,600. “ಅದೇನ್ ಮಹಾ, ಗಿರಾಕಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತಲ್ಲ” ಎಂಬುದು ಕಂಪನಿಯ ಉಡಾಫೆ. ತೆರಿಗೆ ಕಟ್ಟಿ ಬಟ್ಟೆ ಮಾರುವ ಅಂಗಡಿಗೆ ಸಿಗುತ್ತದೆ. ಬ್ರ್ಯಾಂಡ್ ಇಲ್ಲದೆ, ಪ್ಯಾಕ್ ಮಾಡದೆ ಬಿಡಿಯಾಗಿ ಮಾರುವ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ, ಆದ್ದರಿಂದ ಅಂಥ ವ್ಯಾಪಾರಿಗೆ ಕ್ರೆಡಿಟ್ಟೂ ಇಲ್ಲ. ಶಾಲೆಗಳ ಪಾಡೂ ಅದೇ: ಬೋಧನೆಗೆ ತೆರಿಗೆ ವಿನಾಯಿತಿ, ಹೀಗಾಗಿ ಕೊಂಡ ಸೇವೆಯ ತೆರಿಗೆ ಅವರ ಜೇಬಿಗೇ ಬೀಳುತ್ತದೆ. ಕಂಪನಿಗೆ ಅಡಿಟಿಪ್ಪಣಿಯಾಗಿ ಕಂಡ 21,600 ಭಟ್ಟಿಯ ಮಾಲೀಕರಿಗೆ ಅಪ್ಪಟ ಖರ್ಚು. ಎರಡೂ ಮೊತ್ತಗಳನ್ನು ಒಂದರ ಪಕ್ಕ ಒಂದು, ಒಂದೇ ಗಾತ್ರದ ಅಕ್ಷರದಲ್ಲಿ ಬರೆಯಲು ಬಂಡವಾಳವೇನೂ ಬೇಡ.

ಇದಾದ ಮೇಲೆ ಒಂದೊಂದಾಗಿ ಹೊರಬರುವ ಸರ್ವರ್ ಬಾಡಿಗೆ, ಎಸ್‌ಎಂಎಸ್ ಖರ್ಚು, ವರ್ಷದ ನಿರ್ವಹಣೆ. ಬೆಲೆಯನ್ನು ಹೀಗೆ ಹನಿಹನಿಯಾಗಿ ಬಿಚ್ಚುವುದಕ್ಕೆ ಸರ್ಕಾರವೇ ಹೆಸರಿಟ್ಟಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ 13 ಬಗೆಯ ಕಣ್ಕಟ್ಟುಗಳ ಪಟ್ಟಿಯಿದೆ. ಡ್ರಿಪ್ ಪ್ರೈಸಿಂಗ್ ಅದರಲ್ಲೊಂದು. ‘ಈ ಆಫರ್ ಇಂದು ಮಧ್ಯರಾತ್ರಿಯವರೆಗೆ ಮಾತ್ರ’ ಎಂದು ದಿನವೂ ಹೊಸದಾಗಿ ಓಡುವ ಗಡಿಯಾರ ಇನ್ನೊಂದು, ಅದಕ್ಕೆ ಸುಳ್ಳು ಅವಸರ ಎಂದು ಹೆಸರು. ವ್ಯಾಪಾರಕ್ಕಾಗಿ ಸಾಫ್ಟ್‌ವೇರ್ ಕೊಂಡವನು ಕಾನೂನಿನ ಅರ್ಥದಲ್ಲಿ ಗ್ರಾಹಕನೋ ಅಲ್ಲವೋ ಎಂಬ ವಾದ ವಕೀಲರಿಗಿರಲಿ. ಕಾನೂನಿನ ಕೈಗೆ ಸಿಗುವುದಿಲ್ಲ ಎಂಬುದನ್ನು ದರಪಟ್ಟಿಯ ಗುಣವೆಂದು ಹೇಳಿಕೊಳ್ಳುವ ಕಂಪನಿ ಬೇರೆ ಗುಣ ಹುಡುಕಿಕೊಳ್ಳಲಿ.

ಹಾಗಾದರೆ ಕೆಲಸದ ಅಳತೆ ಗೊತ್ತಾಗುವ ಮೊದಲು ದರ ಹೇಳಿ ಸಿಕ್ಕಿಬೀಳುವ ಭಯಕ್ಕೆ ಮದ್ದೇನು? ಸಣ್ಣದೊಂದು ಮೊದಲ ಮೆಟ್ಟಿಲು ಮಾರುವುದು. ಒಬ್ಬರು ಎರಡು ದಿನ ಭಟ್ಟಿಗೂ ಗೋದಾಮಿಗೂ ಬಂದು, ಖಾತೆಪುಸ್ತಕ ತಿರುವಿ, ವಸೂಲಿ ಹುಡುಗನ ಜೊತೆ ಒಂದು ಸುತ್ತು ಹೋಗಿ, ಏನು ಮಾಡಬೇಕು, ಏನು ಬೇಡ, ಒಟ್ಟು ಎಷ್ಟು ಎಂದು ಬರೆದು ಕೊಡುವುದು. ರೂ. 8,000 ಮತ್ತು ತೆರಿಗೆ. ಕೆಲಸ ಇಲ್ಲೇ ಮುಂದುವರಿದರೆ ಕೊನೆಯ ಬಿಲ್ಲಿನಲ್ಲಿ 8,000 ವಜಾ. ಮುಂದುವರಿಯದಿದ್ದರೆ ಆ ವರದಿ ಗಿರಾಕಿಯದೇ, ಬೇರೆ ಕಂಪನಿಗೆ ತೋರಿಸಿದರೂ ತಕರಾರಿಲ್ಲ. ಈ ಕೊನೆಯ ಸಾಲನ್ನು ಪುಟದಲ್ಲಿ ಬರೆಯಲು ಕೈ ನಡುಗಿದರೆ, ನಡುಗಲಿ. ಅಪರಿಚಿತನಿಗೆ ಒಂದೂವರೆ ಲಕ್ಷ ಕೊಡಲು ಹಿಂಜರಿಯುವವರು ಎಂಟು ಸಾವಿರ ಕೊಟ್ಟು ನೋಡುವುದು ಆ ಸಾಲಿನ ಧೈರ್ಯದ ಮೇಲೆ.

ಉಳಿದದ್ದು ವಿಚಾರಣೆಯ ಫಾರ್ಮ್. ಈಗಿರುವುದಕ್ಕೆ ಜಾತಕ ಒಂದು ಕಡಿಮೆ. ಕಂಪನಿಯ ಹೆಸರು, ಹುದ್ದೆ, ಉದ್ಯೋಗಿಗಳ ಸಂಖ್ಯೆ, ಪಿನ್‌ಕೋಡ್, ನಮ್ಮ ಬಗ್ಗೆ ಹೇಗೆ ತಿಳಿಯಿತು, ಎಲ್ಲದಕ್ಕೂ ಕೆಂಪು ನಕ್ಷತ್ರ. ಬೇಕಾದದ್ದು ನಾಲ್ಕೇ: ಹೆಸರು, ಮೊಬೈಲ್ ನಂಬರ್, ಯಾವ ಕೆಲಸ, ಯಾವಾಗ ಬೇಕು. ಪಕ್ಕದಲ್ಲಿ ವಾಟ್ಸ್‌ಆ್ಯಪ್ ನಂಬರ್, ಮತ್ತು ಯಾರು, ಎಷ್ಟು ಹೊತ್ತಿನೊಳಗೆ ವಾಪಸ್ ಫೋನ್ ಮಾಡುತ್ತಾರೆಂಬ ಒಂದು ಸಾಲು. ಇನ್ನೊಂದು ಸಾಲೂ ಬೇಕು: ‘ಬರೀ ಬಿಲ್ ಮುದ್ರಿಸುವುದಷ್ಟೇ ಬೇಕಿದ್ದರೆ ನಾವು ಬೇಡ, ಸಿದ್ಧ ಸಾಫ್ಟ್‌ವೇರ್ ಸಾಕು.’ ಬಂದ ಗಿರಾಕಿಯನ್ನು ಓಡಿಸುವುದೇ ಎಂದು ಮಾರಾಟದ ಹುಡುಗ ಹೌಹಾರುತ್ತಾನೆ. ಓಡಬೇಕಾದವರು ಮೀಟಿಂಗಿನ ನಂತರ ಓಡುವುದಕ್ಕಿಂತ ಮೊದಲೇ ಓಡಿದರೆ ಒಂದು ದಿನ ಉಳಿಯುತ್ತದೆ. ದಿನಕ್ಕೆ 4,000 ಎಂದು ಈಗಷ್ಟೇ ಲೆಕ್ಕ ಹಾಕಿದ್ದೇವೆ.

ಹೊಸ ಪುಟ ಫಲಿಸಿತೋ ಇಲ್ಲವೋ ತಿಳಿಯಲು ಕರೆಗಳನ್ನು ಎಣಿಸಿದರೆ ಮೋಸಹೋಗುತ್ತೀರಿ. ಕರೆಗಳು ಕಡಿಮೆಯಾಗಬಹುದು, ಆಗಲಿ. ಬರುವ ಕರೆಯ ಮೊದಲ ಮಾತು ಕೇಳಿಸಿಕೊಳ್ಳಿ. “ಎಷ್ಟಾಗತೈತಿ?” ಎಂಬುದು ಹೋಗಿ “ಎರಡು ಗೋದಾಮು ಇದ್ರ ಎಷ್ಟು ಹೆಚ್ಚಾಗತೈತಿ?” ಎಂದು ಬಂದರೆ ಪುಟ ತನ್ನ ಕೆಲಸ ಮಾಡಿದೆ. ಕೊಟೇಶನ್ ಹೋದ ಮೇಲೆ ಬೆಲೆ ಕೇಳಿ ಮಾಯವಾಗುವವರು ಎಷ್ಟು ಜನ ಎಂಬುದನ್ನೂ ಬರೆದಿಡಿ. ಆ ಸಂಖ್ಯೆ ಇಳಿಯದಿದ್ದರೆ ನಿಮ್ಮ ‘ಇಷ್ಟರಿಂದ’ ಇನ್ನೂ ಸುಳ್ಳು ಹೇಳುತ್ತಿದೆ. ಟೆಂಡರ್ ಮೂಲಕ ಬರುವ ಸರ್ಕಾರಿ ಕೆಲಸಕ್ಕೆ ಈ ಪುಟ ಉಪಯೋಗಕ್ಕೆ ಬಾರದು, ಅಲ್ಲಿ ಲಕೋಟೆಯದೇ ಶಾಸ್ತ್ರ.

ದಾವಣಗೆರೆ 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ಊರು. ಸ್ಮಾರ್ಟ್ ಆದದ್ದು ಯಾವುದು ಎಂಬ ಚರ್ಚೆ ಮುಂದುವರಿಯಲಿ. ಕನ್ಸಲ್ಟೆನ್ಸಿಯ ಮಾಲೀಕರೇ, ನೀವು ಮಾಡಬೇಕಾದದ್ದು ಅರ್ಧ ದಿನದ ಕೆಲಸ. ಹಳೆಯ ಬಿಲ್ಲುಗಳ ಫೈಲ್ ತೆಗೆಯಿರಿ, ಮೂರು ನಿಜವಾದ ಕೆಲಸ ಆರಿಸಿ, ಗಿರಾಕಿಯ ಹೆಸರು ಬಿಟ್ಟು ಉಳಿದ ಲೆಕ್ಕವನ್ನೆಲ್ಲ ಪುಟಕ್ಕೇರಿಸಿ. ಏರಿಸಲು ನಾಚಿಕೆಯಾಗುವ ಬಿಲ್ಲು ಸಿಕ್ಕರೆ ಸರಿಪಡಿಸಬೇಕಾದದ್ದು ಪುಟವನ್ನಲ್ಲ, ಆ ದರವನ್ನು.