ಹನ್ನೊಂದು ಸಲ ನೇಮಕಾತಿ ಆದವನ ಕೀ ಉತ್ತರ

ಅರ್ಜಿ ಹಾಕಿ ನನ್ನ ನೇಮಕಾತಿ ಈವರೆಗೆ 11 ಸಲ ಆಗಿದೆ. ಒಂದು ಸಲವೂ ಕೆಟ್ಟಿಲ್ಲ. ಪ್ರಕಟಣೆ ಓದಿದ್ದೇನೆ, ಆಸೆ ಹುಟ್ಟಿದೆ, ಶುಲ್ಕ ಕಟ್ಟಿ ಅರ್ಜಿ ಹಾಕಿದ್ದೇನೆ. ಶಾಸ್ತ್ರ ಕೇಳುವುದು ಇಷ್ಟನ್ನೇ. ಕೆಲಸಕ್ಕೆ ಆಗಬಹುದಾದ ಮಂದಿಯನ್ನು ಹುಡುಕಿ, ಅರ್ಜಿ ಹಾಕುವಂತೆ ಅವರನ್ನು ಹುರಿದುಂಬಿಸುವುದೇ ನೇಮಕಾತಿ ಎಂದು ಎಡ್ವಿನ್ ಫ್ಲಿಪ್ಪೋ ಹೇಳಿದ್ದನ್ನು ಪಿಯುಸಿ ವ್ಯವಹಾರ ಅಧ್ಯಯನ ಓದಿದವರೆಲ್ಲ ಬಾಯಿಪಾಠ ಮಾಡಿದ್ದಾರೆ. ಅರ್ಜಿ ಕೈಸೇರಿದಲ್ಲಿಗೆ ನೇಮಕಾತಿ ಮುಗಿಯಿತು. ಆಮೇಲೆ ನೌಕರಿ ಸಿಕ್ಕಿತೋ ಇಲ್ಲವೋ ಎನ್ನುವುದು ಬೇರೆ ಇಲಾಖೆಯ ವಿಷಯ.

ಮೊದಲ ಸಲ ಈ ಯಶಸ್ಸನ್ನು ಕರಜಗಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತಿಳಿಸಿದೆ. "ಕಾಕಾ, ನಂದು ನೇಮಕಾತಿ ಆತ್ರಿ."

"ಹೌದೇನೋ ತಮ್ಮಾ! ಪಗಾರ ಎಷ್ಟು? ಪೇಡಾ ಎಲ್ಲಿ?"

ಅರ್ಜಿ ಹಾಕಿದ್ದೇನೆ ಎಂದು ವಿವರಿಸಿದೆ. ಕಾಕಾ ಚಹಾದ ಬಸಿ ಕೆಳಗಿಟ್ಟು ನನ್ನನ್ನು ಬಹಳ ಹೊತ್ತು ನೋಡಿದರು. ನನ್ನ ತಂದೆಯನ್ನು ಕರೆಸಿ ಅವರೊಡನೆ ಪ್ರತ್ಯೇಕವಾಗಿ ಮಾತಾಡಿದರು.

ತಪ್ಪು ಕಾಕಾರದ್ದಲ್ಲ, ಪದದ್ದು. ಆದೇಶ ಕೈಗೆ ಬಂದಾಗ ಅದರ ಮೇಲೆ 'ನೇಮಕಾತಿ ಆದೇಶ' ಎಂದೇ ಇರುತ್ತದೆ. ನೇಮಕವೆಂದರೆ ಕೂರಿಸುವುದು. ಅದೇ ಪದವನ್ನು ಪಠ್ಯಪುಸ್ತಕ ಎತ್ತಿಕೊಂಡು, ಯಾರೂ ಇನ್ನೂ ಎಲ್ಲೂ ಕೂರದ ಮೊದಲ ಹಂತಕ್ಕೆ ಇಟ್ಟಿದೆ. ಕನ್ನಡ ಮಾಧ್ಯಮದ ಹುಡುಗ ವಸ್ತುನಿಷ್ಠ ಪ್ರಶ್ನೆಯಲ್ಲಿ ಎಡವುವುದು ಇಲ್ಲೇ: ನೇಮಕಾತಿ ಎಂದರೆ ಕೊನೆ ಎಂದುಕೊಂಡವನಿಗೆ ಅದು ಆರಂಭ ಎನ್ನುತ್ತಾರೆ. ನಮ್ಮೂರಿನಲ್ಲಂತೂ ನೇಮಕಾತಿ, ಆಯ್ಕೆ, ನಿಯೋಜನೆ ಮೂರೂ ಹಂತಕ್ಕೆ ಇರುವುದು ಒಂದೇ ಮಾತು. "ನೌಕ್ರಿ ಹತ್ತಿತು." ಬೆಂಕಿಯೂ ಹಾಗೇ ಹತ್ತುತ್ತದೆ. ಅದಕ್ಕೂ ಯಾರೂ ಹಂತ ಕೇಳುವುದಿಲ್ಲ.

ಪದ ಕೈಕೊಟ್ಟಾಗ ತಲೆ ಎಣಿಸಬೇಕು. ಇದು ನನ್ನ ಸ್ವಂತ ಸಂಶೋಧನೆ. ಯಾವ ಕ್ರಿಯೆಯಿಂದ ಬಾಗಿಲ ಮುಂದಿನ ಮಂದಿ ಹೆಚ್ಚುತ್ತಾರೋ ಅದು ನೇಮಕಾತಿ. ಯಾವುದರಿಂದ ಕಡಿಮೆಯಾಗುತ್ತಾರೋ ಅದು ಆಯ್ಕೆ. ಮಂದಿ ಅಷ್ಟೇ ಇದ್ದು ಕೂರುವ ಜಾಗ ಮಾತ್ರ ಗೊತ್ತಾದರೆ ಅದು ನಿಯೋಜನೆ. ನೇಮಕಾತಿ ಧನಾತ್ಮಕ, ಆಯ್ಕೆ ಋಣಾತ್ಮಕ ಎಂದು ಗೈಡುಗಳು ಬರೆಯುವುದು ಇದನ್ನೇ. ಋಣಾತ್ಮಕ ಎಂದರೆ ಕೆಟ್ಟದ್ದು ಎಂದು ತಿಳಿದು ನನ್ನ ಗೆಳೆಯನೊಬ್ಬ ಆ ಉತ್ತರಕ್ಕೆ ಗುರುತು ಹಾಕಲು ಒಪ್ಪಲಿಲ್ಲ. ಅವನು ಸಂಸ್ಕಾರವಂತ.

ಈಗ ವೈದ್ಯಕೀಯ ಪರೀಕ್ಷೆ. ಇದು ಎಲ್ಲರೂ ಬೀಳುವ ಗುಂಡಿ. ಸಂದರ್ಶನ ಮುಗಿದಿದೆ, ಆಯ್ಕೆಯ ನಿರ್ಧಾರವೂ ಆಗಿದೆ, ಆಮೇಲೆ ಡಾಕ್ಟರ ಹತ್ತಿರ ಕಳಿಸುತ್ತಾರೆ. ಆಯ್ಕೆಯ ನಂತರ ಬಂದದ್ದರಿಂದ ಇದು ನಿಯೋಜನೆ ಎಂದು ಕೈ ತಾನೇ ಹೋಗುತ್ತದೆ. ತಲೆ ಎಣಿಸಿ. ಡಾಕ್ಟರು "ಕಣ್ಣು ಕಾಣುವುದಿಲ್ಲ" ಎಂದರೆ ಒಬ್ಬ ಮನೆಗೆ ಹೋಗುತ್ತಾನೆ, ಮಂದಿ ಕಡಿಮೆಯಾಗುತ್ತಾರೆ. ಹಾಗಾಗಿ ಅದು ಆಯ್ಕೆಯೇ. ಕೆಲಸದ ಪತ್ರ ಕೊಡುವುದೂ ಅದಾದ ಮೇಲೆಯೇ. ವರ್ಗಾವಣೆಯದ್ದು ಇದರ ತಿರುಗುಮುರುಗು. ಅಫಜಲಪುರದಿಂದ ಜೇವರ್ಗಿಗೆ ಒಬ್ಬನನ್ನು ಕಳಿಸಿದರೆ ಜಾಗ ತಾನೇ ಬದಲಾಗಿದ್ದು, ನಿಯೋಜನೆ ಅಲ್ಲವೇ? ಅಲ್ಲ. ಜೇವರ್ಗಿಯ ಖಾಲಿ ಹುದ್ದೆಯ ಕಡೆ ನಿಂತು ನೋಡಿ: ಅಲ್ಲಿಗೆ ಹೊರಗಿನಿಂದ ಕರೆಯದೆ ಒಳಗಿನಿಂದ ಒಬ್ಬ ಸಿಕ್ಕ. ಆದ್ದರಿಂದ ಪುಸ್ತಕದಲ್ಲಿ ಅದು ನೇಮಕಾತಿಯ ಆಂತರಿಕ ಮೂಲ. ಕ್ಯಾಂಪಸ್ ಪ್ಲೇಸ್‌ಮೆಂಟ್ ಎಂಬುದು ಹೆಸರಿನಲ್ಲಿಯೇ ಸುಳ್ಳು ಹೇಳುತ್ತದೆ; ಅದೂ ನೇಮಕಾತಿಯೇ, ಆದರೆ ಬಾಹ್ಯ ಮೂಲ.

ನನ್ನ ಎಣಿಕೆಗೂ ಒಂದು ಮಿತಿ ಇದೆ. ಅರ್ಜಿ ಜಾಲಿಸುವುದನ್ನು ಪಿಯುಸಿ ಪುಸ್ತಕ ಆಯ್ಕೆಯ ಮೊದಲ ಹೆಜ್ಜೆ ಎನ್ನುತ್ತದೆ. ಕಾಲೇಜಿನಲ್ಲಿ ಓದಿಸುವ ಕೆ. ಅಶ್ವತ್ಥಪ್ಪನವರ ಪುಸ್ತಕ ಅದನ್ನು ನೇಮಕಾತಿಯ ಕೊನೆಯ ಭಾಗಕ್ಕೆ ಸೇರಿಸುತ್ತದೆ. ಹಾಗಾಗಿ ಪ್ರಶ್ನೆ ಓದುವ ಮೊದಲು ಪ್ರಶ್ನೆಪತ್ರಿಕೆ ಯಾವ ತರಗತಿಯದ್ದು ಎಂದು ನೋಡಬೇಕು. ನಾನು ನೋಡಲಿಲ್ಲ, ಒಂದು ಅಂಕ ಹೋಯಿತು.

ಇಷ್ಟು ಸೂಕ್ಷ್ಮ ಪತ್ರಿಕೆಯವರಿಗಿದ್ದರೆ ನಮ್ಮ ಜಿಲ್ಲೆಗೆ ಅನ್ಯಾಯವಾಗುತ್ತಿರಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಕಲಬುರಗಿಯ ಪರೀಕ್ಷಾ ಕೇಂದ್ರದಿಂದ ಶುರುವಾದ ಗುಲ್ಲು ಸಿಐಡಿ ತನಿಖೆಗೆ ಹೋಗಿ, 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಎಲ್ಲ ಪತ್ರಿಕೆಗಳೂ ಅದನ್ನು 'ನೇಮಕಾತಿ ಹಗರಣ' ಎಂದು ಬರೆದವು. ಇದು ತಪ್ಪು ಉತ್ತರ. ನೇಮಕಾತಿ ನಿಷ್ಕಳಂಕವಾಗಿತ್ತು: ಪ್ರಕಟಣೆ ಹೊರಟಿತ್ತು, ಅರ್ಜಿಗಳು ಬಂದಿದ್ದವು. 2024ರ ಜನವರಿ 23ರಂದು ಮರುಪರೀಕ್ಷೆ ನಡೆದಾಗ ಹೊಸ ಅರ್ಜಿ ಕರೆಯಲಿಲ್ಲ, ಮೊದಲು ಬರೆದಿದ್ದ ಸುಮಾರು 54 ಸಾವಿರ ಮಂದಿಯನ್ನೇ ಕರೆದರು. ನೇಮಕಾತಿಗೆ ಏನೂ ಆಗಿರಲಿಲ್ಲ ಎನ್ನಲು ಇನ್ನೇನು ಸಾಕ್ಷಿ ಬೇಕು? ಕೆಟ್ಟದ್ದು ಆಯ್ಕೆ. ಒಎಂಆರ್ ಹಾಳೆಯಲ್ಲಿ ಖಾಲಿ ಬಿಟ್ಟ ವೃತ್ತಗಳು ಆಮೇಲೆ ತುಂಬಿದವು ಎಂಬ ಆರೋಪವನ್ನು ಪರಿಶೀಲಿಸಿದರೆ, ಸರಿಯಾದ ಶಾಯಿಯನ್ನು ಸರಿಯಾದ ಸ್ಥಾನದಲ್ಲಿ ಇಟ್ಟ ಆ ಒಂದು ಕ್ರಿಯೆ ನಿಯೋಜನೆಯ ಲಕ್ಷಣಕ್ಕೆ ಹೊಂದುತ್ತದೆ. ಈ ಟಿಪ್ಪಣಿಯನ್ನು ತನಿಖಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬಂದಿಲ್ಲ.

ಪುಸ್ತಕದ ಕ್ರಮವನ್ನು ಬಹಿರಂಗವಾಗಿ ಉಲ್ಲಂಘಿಸುವವರು ನಮ್ಮಲ್ಲಿ ಇನ್ನೊಬ್ಬರಿದ್ದಾರೆ, ಕಬ್ಬಿನ ಟೋಳಿಯ ಮುಕಾದಮರು. ಪಠ್ಯ ಅವರನ್ನು 'ಕಾರ್ಮಿಕ ಗುತ್ತಿಗೆದಾರ' ಎಂದು ಕರೆದು ಬಾಹ್ಯ ಮೂಲಗಳ ಪಟ್ಟಿಯಲ್ಲಿ ಗೌರವದಿಂದ ಕೂರಿಸಿದೆ. ಪುಸ್ತಕದಲ್ಲಿ ಕರಾರು ಆಯ್ಕೆಯ ಕಟ್ಟಕಡೆಗೆ ಬರುತ್ತದೆ. ಮುಕಾದಮರು ಮಳೆಗಾಲದಲ್ಲಿಯೇ, ಮನೆಯಲ್ಲಿ ಕಾಳು ಮುಗಿದಾಗ, ಮುಂಗಡ ಕೊಟ್ಟುಬಿಡುತ್ತಾರೆ. ದುಡ್ಡು ತಗೊಂಡವನು ಅಲ್ಲಿಗೇ ಬಂದಿ: ಮೊದಲು ಕರಾರು, ಆಮೇಲೆ ನೇಮಕಾತಿ. ದಸರೆ ಮುಗಿದು ಗಾಡಿ ಬಂದ ದಿನ ಆಯ್ಕೆ. ಗದ್ದೆಗೆ ಇಳಿದ ಮೇಲೆ ಯಾರು ಕಡಿಯಬೇಕು, ಯಾರು ಕಟ್ಟು ಕಟ್ಟಬೇಕು, ಯಾರು ತಲೆಯ ಮೇಲೆ ಹೊತ್ತು ಲಾರಿಗೆ ಏರಿಸಬೇಕು ಎಂಬ ನಿಯೋಜನೆ. ಈ ಅಕ್ರಮವನ್ನು ತಿದ್ದಲೆಂದು ಹೋದ ವರ್ಷ ಗಾಡಿ ನಿಂತಲ್ಲಿಗೆ ಪುಸ್ತಕ ಹಿಡಿದು ಹೋದೆ.

ಮುಕಾದಮರು ಪೂರ್ತಿ ಕೇಳಿದರು. "ನೀ ಬರ್ತಿಯೇನು ತಮ್ಮಾ?" ಎಂದರು. ಇದು ನನ್ನ 12ನೆಯ ನೇಮಕಾತಿ ಎಂದು ಬರೆದುಕೊಂಡೆ.

"ಕೈ ತೋರ್ಸು."

ತೋರಿಸಿದೆ. ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಬ್ಯಾಡ. ಇದು ಪೆನ್ನು ಹಿಡಿದ ಕೈ." ಪ್ರಾಥಮಿಕ ಜಾಲನೆ, ಪಿಯುಸಿ ಪುಸ್ತಕದ ಪ್ರಕಾರ ಆಯ್ಕೆ. ಕ್ರಮ ಸರಿಯಾಗಿಯೇ ನಡೆದದ್ದು ಕಂಡು ಸಮಾಧಾನವಾಗಿ ಹೊರಟೆ.

ಹಿಂದಿನಿಂದ ಕೂಗಿದರು. "ಲೆಕ್ಕ ಬರಿಲಿಕ್ಕೆ ಬರ್ತದಲಾ? ಯಾರ್ ಎಷ್ಟ್ ಮುಂಗಡ ತಗೊಂಡಾರ ಬರಿಬೇಕು. ಮುಂದ ಡ್ರೈವರ್ ಬಾಜೂಕ ಕುಂದ್ರು."

ಆಯ್ಕೆಯಾಗದವನಿಗೆ ನಿಯೋಜನೆ. ಇದಕ್ಕೆ ಗುರುತು ಹಾಕಲು ನಾಲ್ಕು ಉತ್ತರಗಳಲ್ಲಿ ಯಾವುದೂ ಇರಲಿಲ್ಲ. ಗಾಡಿ ಭೀಮಾ ಸೇತುವೆ ದಾಟುವವರೆಗೂ ಹುಡುಕುತ್ತಲೇ ಇದ್ದೆ.