ಬಲಮೂಲೆಯ ಹಕ್ಕಿ

ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಉಂಟು, ಬಣ್ಣದ ಕೊಕ್ಕರೆ ಉಂಟು. ನನ್ನ ಫೋಟೋಗಳಲ್ಲಿ ಮಾತ್ರ ಮೂರನೆಯ ಜಾತಿಯೊಂದು ಉಂಟು. ಬೂದು ಬಣ್ಣ, ಗುಂಡು ಮೈ, ಕೊಕ್ಕಿಲ್ಲ, ಕಾಲಿಲ್ಲ, ಗೂಡು ಕಟ್ಟುವುದಿಲ್ಲ. ವಾಸಸ್ಥಾನ, ಆಕಾಶದ ಬಲ ಮೇಲ್ಮೂಲೆ.

ಇದನ್ನು ಮೊದಲು ಗುರುತಿಸಿದವರು ನಮ್ಮ ದೊಡ್ಡಪ್ಪ. ಕೊಪ್ಪದ ಮನೆಯ ಹಜಾರದಲ್ಲಿ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ, ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ಒಂದೊಂದಾಗಿ ಓಡಿಸುತ್ತಿದ್ದೆ. ಮನೆಯವರು ಮೊದಲ ಇಪ್ಪತ್ತಕ್ಕೇ ಒಬ್ಬೊಬ್ಬರಾಗಿ ಒಲೆ, ದನ, ಫೋನು ಎಂದು ನೆಪ ತೆಗೆದು ಎದ್ದರು. ದೊಡ್ಡಪ್ಪ ಮಾತ್ರ ಕದಲಲಿಲ್ಲ. ಹುಣಸೆ ಮರದ ತುಂಬ ಗೂಡು, ಗೂಡಿನ ತುಂಬ ಮರಿ, ಮರಿಯ ಗಂಟಲೊಳಗೆ ತಾಯಿಯ ಕೊಕ್ಕೋ ತಾಯಿಯ ಗಂಟಲೊಳಗೆ ಮರಿಯ ತಲೆಯೋ ತಿಳಿಯದಂಥ ಅಪೂರ್ವ ಚಿತ್ರಗಳನ್ನೆಲ್ಲ ಬಿಟ್ಟು ಅವರು ಮೂಲೆಯನ್ನೇ ನೋಡುತ್ತಿದ್ದರು.

‘ಮಗಾ, ಆ ಹಕ್ಕಿ ಆಗ್ಲಿಂದ ಅಲ್ಲೇ ನಿಂತದಲ್ಲ?’

‘ಯಾವ ಹಕ್ಕಿ ದೊಡ್ಡಪ್ಪ?’

‘ಅದೇ ಕಣ್ಲಾ, ಮೇಲ್ಗಡೆ. ಒಂದು ರೆಕ್ಕೆನೂ ಬಡೀತಿಲ್ಲ.’

ಮುಂದಿನ ಚಿತ್ರ. ಅಲ್ಲೇ ಇತ್ತು. ಅದರ ಮುಂದಿನದು. ಅಲ್ಲೇ. ಬೆಳಗಿನ ಬಿಸಿಲಲ್ಲಿ ಇತ್ತು, ಸಂಜೆಯ ಕೆಂಪಲ್ಲೂ ಇತ್ತು. ಎರಡು ಹೆಜ್ಜಾರ್ಲೆಗಳು ಕಾದಾಡುವಾಗಲೂ ಇತ್ತು, ಮಧ್ಯಸ್ಥಿಕೆ ವಹಿಸಲಿಲ್ಲ. ದೊಡ್ಡಪ್ಪನಿಗೆ ಅದರ ಮೇಲೆ ಗೌರವ ಹುಟ್ಟಿತು. ‘ಬಲು ಗಟ್ಟಿ ಜೀವ ಕಣಪ್ಪ. ಬೆಳಿಗ್ಗೆಯಿಂದ ನೀರು ಕೂಳು ಏನೂ ಇಲ್ಲ’ ಎಂದರು. ಹದ್ದಿರಬಹುದು ಎಂದು ನಾನೂ ಗಂಭೀರವಾಗಿ ಹೇಳಿದೆ. ಪಕ್ಷಿವೀಕ್ಷಕ ಎಂಬ ಹೆಸರು ಉಳಿಯಬೇಕಲ್ಲ. ಅಷ್ಟರಲ್ಲಿ ಕ್ಯಾಮೆರಾ ಉದ್ದುದ್ದ ಹಿಡಿದು ತೆಗೆದ ಚಿತ್ರವೊಂದು ಬಂತು. ಹಕ್ಕಿ ಬಲಮೂಲೆಯಿಂದ ಎಡಮೂಲೆಗೆ ಹೋಗಿತ್ತು. ‘ಹಾರ್ತು! ಹಾರ್ತು!’ ದೊಡ್ಡಪ್ಪ ತೊಡೆ ತಟ್ಟಿದರು. ಅಡುಗೆಮನೆಯಿಂದ ಇಬ್ಬರು ಓಡಿ ಬಂದರು. ಮುಂದಿನ ಅಡ್ಡ ಚಿತ್ರದಲ್ಲಿ ಅದು ವಾಪಸ್ಸು ಬಲಕ್ಕೆ ಬಂದಾಗ ಅವರಿಗಾದ ಸಮಾಧಾನ ನೋಡಿ, ಇದು ಧೂಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಧೂಳು ಎಲ್ಲಿಯದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಳ್ಳೂರಿಗೆ ಹೋಗುವ ದಾರಿಯಲ್ಲಿ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಿದ್ದರು, ಬೂದಿ ಹಗುರವಾಗಿ ತೇಲುತ್ತಿತ್ತು. ಆ ಸೊಬಗಿಗೆ ಅಗಲದ ಲೆನ್ಸೇ ಬೇಕೆಂದು ಒಲೆಯ ಮುಂದೆಯೇ ನಿಂತು ಲೆನ್ಸ್ ಬದಲಿಸಿದ್ದೆ. ಕ್ಯಾಮೆರಾದ ಬಾಯಿ ಆಕಾಶಕ್ಕೆ ತೆರೆದಿತ್ತು. ಬಿಸಿ ಬೆಲ್ಲ ತಿನ್ನಲು ನನ್ನ ಬಾಯಿಯೂ.

ಈ ಧೂಳು ಕೂರುವುದು ಸೆನ್ಸರಿನ ಮೇಲಲ್ಲ, ಅದರ ಮುಂದಿರುವ ಗಾಜಿನ ಮೇಲೆ. ನಡುವೆ ಮಿಲಿಮೀಟರಿನ ಆಸುಪಾಸಿನ ಅಂತರ. ನಮಗೆ ಕಾಣುವುದು ಕಣವಲ್ಲ, ಅದರ ನೆರಳು. ಎಫ್/2.8ರಂತೆ ಲೆನ್ಸಿನ ಕಿಂಡಿ ದೊಡ್ಡದಾಗಿದ್ದರೆ ಬೆಳಕು ನಾನಾ ಕೋನಗಳಿಂದ ಬಂದು ಕಣದ ಸುತ್ತ ನುಸುಳಿ, ನೆರಳು ಹರಡಿ ತೆಳುವಾಗಿ ಇಲ್ಲವೆನ್ನುವಷ್ಟಾಗುತ್ತದೆ. ಎಫ್/16ಕ್ಕೆ ಬಂದರೆ ಕಿಂಡಿ ಚಿಕ್ಕದು, ನೆರಳು ಗಟ್ಟಿ. ಉದ್ದನೆಯ ಟ್ಯೂಬ್‌ಲೈಟಿನಡಿ ಬೆರಳಿನ ನೆರಳು ಮಸುಕಾಗಿ, ಮೊಬೈಲ್ ಟಾರ್ಚಿನಡಿ ಕಡುವಾಗಿ ಬೀಳುವುದಿಲ್ಲವೇ, ಹಾಗೆ. ನಾನೋ, ಮುಂದಿನ ಮರದಿಂದ ಹಿಂದಿನ ನೀರಿನ ಟ್ಯಾಂಕಿನವರೆಗೆ ಎಲ್ಲವೂ ಸ್ಪಷ್ಟವಾಗಿರಲೆಂದು ಇಡೀ ದಿನ ಎಫ್/16ರಲ್ಲೇ ತೆಗೆದ ಮಹಾನುಭಾವ. ನೀರಿನ ಟ್ಯಾಂಕು ಈಗಲೂ ಬಹಳ ಸ್ಪಷ್ಟವಾಗಿದೆ.

ಅಳಿಸಲು ಕುಳಿತೆ. ಎಲ್ಲ ಚಿತ್ರದಲ್ಲೂ ಕಲೆ ಒಂದೇ ಜಾಗದಲ್ಲಿರುವುದೇ ಇದರ ವರ. ಹೆಚ್ಚು ಬರಿಯ ಆಕಾಶವಿರುವ ಒಂದು ಚಿತ್ರ ಆರಿಸಿ, ಲೈಟ್‌ರೂಮಿನಲ್ಲಿ ಕಲೆ ಅಳಿಸುವ ಕುಂಚ ಹಿಡಿದು, Visualize Spots ಒತ್ತಿದೆ. ಚಿತ್ರ ಕಪ್ಪು-ಬಿಳುಪಿನ ಗೆರೆಚಿತ್ರವಾಗಿ, ಕಲೆಗಳು ಪುಟ್ಟ ಬಳೆಗಳಂತೆ ಎದ್ದು ನಿಂತವು. ದೊಡ್ಡಪ್ಪನ ಹಕ್ಕಿಗೆ ಇಡೀ ಸಂಸಾರವೇ ಇತ್ತು. ಒಂದೊಂದರ ಮೇಲೂ ಒತ್ತಿ, ಆಮೇಲೆ ಉಳಿದ ಚಿತ್ರಗಳನ್ನೆಲ್ಲ ಆರಿಸಿ, ಕಲೆ ಅಳಿಸಿದ್ದೊಂದನ್ನೇ Sync ಮಾಡಿದೆ. ಉದ್ದ ಚಿತ್ರ, ಕತ್ತರಿಸಿದ ಚಿತ್ರ ಎಂದು ಚಿಂತಿಸಬೇಕಿಲ್ಲ. ಕಲೆಯ ಜಾಗವನ್ನು ಅದು ಮೂಲ ಚೌಕಟ್ಟಿನ ಲೆಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ಮೂಲ ಕಡತವಿಲ್ಲದೆ, ತಿರುಗಿಸಿ ಕತ್ತರಿಸಿ ಉಳಿಸಿದ ಜೇಪೆಗ್ ಮಾತ್ರ ಇದ್ದವರಿಗೆ ಈ ಸುಖವಿಲ್ಲ.

ನನ್ನ ಸುಖವೂ ಹೆಚ್ಚು ಹೊತ್ತು ಬಾಳಲಿಲ್ಲ. ಕಲೆಯನ್ನು ಮುಚ್ಚುವುದು ಪಕ್ಕದಿಂದ ತಂದ ತೇಪೆಯಿಂದ. ತೇಪೆ ಎಲ್ಲಿಂದ ತರಬೇಕೆಂಬುದನ್ನು ತಂತ್ರಾಂಶಕ್ಕೇ ಬಿಟ್ಟರೆ ಪ್ರತಿ ಚಿತ್ರದಲ್ಲೂ ಹೊಸದಾಗಿ ಹುಡುಕುತ್ತದೆ. ಕೈಯಿಂದ ಎಳೆದು ಜಾಗ ಗೊತ್ತುಮಾಡಿದರೆ ಎಲ್ಲ ಚಿತ್ರಗಳಲ್ಲೂ ಅಲ್ಲಿಂದಲೇ ತರುತ್ತದೆ. ನನಗೆ ಅದರ ಆಯ್ಕೆ ಹಿಡಿಸದೆ, ಕೈಯಾರೆ ಎಳೆದು ಕೊಂಚ ಕೆಳಗಿನ ಆಕಾಶವನ್ನು ತೋರಿಸಿದ್ದೆ. ಆ ಚಿತ್ರದಲ್ಲಿ ಅಲ್ಲಿ ಆಕಾಶವಿತ್ತು. ಇನ್ನೊಂದರಲ್ಲಿ ಹೆಜ್ಜಾರ್ಲೆಯ ತಲೆಯಿತ್ತು. ಹಾಗಾಗಿ ಮೋಡದ ನಡುವೆ ದೇಹವಿಲ್ಲದ ಕಣ್ಣೊಂದು ತೆರೆದು ನನ್ನನ್ನೇ ನೋಡುತ್ತಿತ್ತು.

ಇದಕ್ಕೂ ನಕ್ಕುಬಿಡಬಹುದು. ನಗಲಾಗದ್ದು ಇನ್ನೊಂದಿತ್ತು. ಬಳೆಗಳ ಗುಂಪಿನಲ್ಲಿ ಧೂಳಲ್ಲದ್ದೂ ಒಂದು ನನ್ನ ಕೈಗೆ ಸಿಕ್ಕಿ ಅಳಿಸಿಹೋಗಿತ್ತು. ದೂರದ ಗದ್ದೆಯಿಂದ ಗೂಡಿಗೆ ಮರಳುತ್ತಿದ್ದ ನಿಜವಾದ ಹಕ್ಕಿ ಅದು. ಕೊಕ್ಕರೆ ಬೆಳ್ಳೂರಿನವರು ಹಕ್ಕಿಗಳನ್ನು ಮನೆಮಗಳಂತೆ ಕಾಣುತ್ತಾರೆ, 2007ರಲ್ಲಿ ಸರಕಾರವೂ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಹಕ್ಕಿ ಎಣಿಸಲು ಇಂಥ ಚಿತ್ರಗಳನ್ನು ಯಾರಾದರೂ ತೆರೆದರೆ, ಇಲ್ಲದ್ದೊಂದನ್ನು ಎಣಿಸಿಕೊಟ್ಟ ದೊಡ್ಡಪ್ಪನಿಗಿಂತ ಇದ್ದದ್ದೊಂದನ್ನು ಅಳಿಸಿದ ನಾನೇ ಅಪಾಯ. ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದ್ದರೆ ತಿಳಿಯುತ್ತಿತ್ತು: ಧೂಳಿನ ಅಂಚು ಮೆತ್ತಗಿರುತ್ತದೆ, ಫೋಕಸಿನಲ್ಲಿರುವ ಹಕ್ಕಿಯದು ಮೊನಚು. ಅದಕ್ಕಿಂತ ಖಚಿತವಾದದ್ದು ಹಿಂದಿನ ಮುಂದಿನ ಚಿತ್ರ ನೋಡುವುದು. ದೊಡ್ಡಪ್ಪ ಮಾಡಿದ್ದು ಅದನ್ನೇ, ತೀರ್ಪಷ್ಟೇ ತಿರುಗಾಮುರುಗಾ. ಅಲುಗದ್ದು ಧೂಳು. ಅಲುಗಿದ್ದನ್ನು ಮುಟ್ಟಬಾರದು.

ಕ್ಯಾಮೆರಾ ಶುಚಿ ಮಾಡುವ ಕೆಲಸಕ್ಕೆ ಸಲಹೆಗಾರರ ದಂಡೇ ಬಂತು. ಎಲ್ಲರದೂ ಒಂದೇ ಮಂತ್ರ, ‘ಬಾಯಲ್ಲಿ ಊದ್ಬಿಡಿ ಸಾರ್.’ ಧೂಳಾದರೂ ಒಣಗಿರುತ್ತದೆ. ಇವರ ಎಂಜಲಿನ ಹನಿ ಗಾಜಿಗೆ ಅಂಟಿ ಒಣಗಿದರೆ ಊದುವುದರಿಂದ ಹೋಗುವುದಿಲ್ಲ, ದ್ರಾವಣದ ಪಟ್ಟಿಯಿಂದ ಒರೆಸಬೇಕು. ಒಬ್ಬರು ನಾನು ಬೇಡವೆನ್ನುವಷ್ಟರಲ್ಲಿ ಬಗ್ಗಿ ಕೆನ್ನೆ ಉಬ್ಬಿಸಿಯೇ ಬಿಟ್ಟಿದ್ದರು. ನಾನು ಬ್ಯಾಟರಿ ತುಂಬಿಸಿ, ಮೆನುವಿನಲ್ಲಿ ಸೆನ್ಸರ್ ಶುಚಿಯ ಆಯ್ಕೆ ಒತ್ತಿ, ಬಾಯಿ ಕೆಳಗೆ ಮಾಡಿ ಹಿಡಿದು ರಬ್ಬರ್ ಊದುಬುರುಡೆಯಿಂದ ಊದಿದೆ. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಬೀಳಿಸುವುದರಿಂದ, ಫೋಟೋದ ಬಲ ಮೇಲ್ಮೂಲೆಯ ಧೂಳು ಎದುರಿನಿಂದ ನೋಡಿದರೆ ಸೆನ್ಸರಿನ ಬಲ ಕೆಳಮೂಲೆಯಲ್ಲಿರುತ್ತದೆ. ಅಲ್ಲಿಗೇ ಗುರಿಯಿಟ್ಟೆ.

ಪರೀಕ್ಷೆಗೆ ಅಂಗಳಕ್ಕೆ ಬಂದು, ಎಫ್/22ಕ್ಕೆ ಇಳಿಸಿ, ಫೋಕಸ್ ಬೇಕೆಂದೇ ಕೆಡಿಸಿ, ಬರಿಯ ಆಕಾಶದ ಫೋಟೋ ತೆಗೆದೆ. ಹಿಂದೆ ನಿಂತಿದ್ದ ದೊಡ್ಡಪ್ಪ ಪರದೆ ನೋಡಿದರು.

‘ಏನೂ ಇಲ್ವಲ್ಲೋ.’

‘ಅದಕ್ಕೇ ತೆಗೆದದ್ದು ದೊಡ್ಡಪ್ಪ.’

ಅವರು ನನ್ನನ್ನು ಒಮ್ಮೆ, ಕ್ಯಾಮೆರಾವನ್ನು ಒಮ್ಮೆ ನೋಡಿ, ಇದಕ್ಕೆ ಎಷ್ಟು ಕೊಟ್ಟೆ ಎಂದು ಕೇಳಿದರು. ನಿಜವಾದ ಬೆಲೆಯ ಅರ್ಧ ಹೇಳಿದೆ. ಅದೂ ಜಾಸ್ತಿಯಾಯಿತಂತೆ.