ಉಲ್ಟಾ ಕ್ಯಾಲೆಂಡರಿನ ಕಾಕಾ

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಪಡಗಳಲ್ಲಿ ಊರಿಗೊಬ್ಬನಾದರೂ ಈ ಕಾಕಾ ಸಿಗುತ್ತಾನೆ. ಹೆಸರು ಬೇರೆ ಬೇರೆ ಇರಬಹುದು, ಅಂಗಿಯ ಕಿಸೆಯಲ್ಲಿ ಮಡಚಿಟ್ಟ ಹಳೇ ಕ್ಯಾಲೆಂಡರಿನ ಹಾಳೆ ಮಾತ್ರ ಒಂದೇ. ಬೇರೆಯವರು ಕ್ಯಾಲೆಂಡರನ್ನು ಜನವರಿಯಿಂದ ತಿರುವಿದರೆ ಈತ ಮಾರ್ಚ್‌ನಿಂದ ಹಿಂದಕ್ಕೆ ತಿರುವುತ್ತಾನೆ. "ಕಾಕಾ, ಆರಾಮ?" ಎಂದರೆ, "ಮಾರ್ಚ್ 20ಕ್ಕ ಆರಾಮ್ ಆಗ್ತೀನಿ" ಎನ್ನುತ್ತಾನೆ. ಆಗಿನ್ನೂ ಶ್ರಾವಣ ನಡೆದಿರುತ್ತದೆ.

ಮಾರ್ಚ್ 20 ಅವನ ಗಡುವು. ಅಷ್ಟರೊಳಗೆ ಒಣದ್ರಾಕ್ಷಿ ಶೆಡ್ಡಿನಿಂದ ಇಳಿದು ಬಾಕ್ಸ್ ಸೇರಬೇಕು. ಈ ತಾರೀಖು ಪಂಚಾಂಗದ್ದಲ್ಲ, ಸರಕಾರದ್ದೂ ಅಲ್ಲ. ಬಿಸಿಲು ಏರಿದ ಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ಗುಡುಗಿ ಬರುವ ಅಡ್ಡಮಳೆಯದು. ಜಾಳಿಗೆಯ ಮೇಲೆ ಅರ್ಧ ಒಣಗಿದ ಮಾಲು ಇರುವಾಗ ಆ ಮಳೆಯ ತಂಪು ಒಳಗೆ ಬಂದರೆ ಹಸಿರು ಕಾಳು ಕಂದುತ್ತದೆ, ಮೆತ್ತಗಾಗುತ್ತದೆ, ಬೂಸು ಹಿಡಿಯುತ್ತದೆ. ವ್ಯಾಪಾರಿ ಒಂದು ಹಿಡಿ ಎತ್ತಿ ನೋಡಿ ಏನೂ ಮಾತಾಡದೆ ಕೆಳಗೆ ಹಾಕುತ್ತಾನೆ. ಕಾಕಾನಿಗೆ ಬೈಗುಳಕ್ಕಿಂತ ಆ ಮೌನದ್ದೇ ಹೆದರಿಕೆ.

ಹೀಗಾಗಿ ಲೆಕ್ಕ ಹಿಂದಕ್ಕೆ ಹೊರಡುತ್ತದೆ. ಮಾಲು ಕೆಡವಿ, ಕಡ್ಡಿ ತೆಗೆದು, ಆರಿಸಿ ಬಾಕ್ಸ್ ತುಂಬಲು ಮೂರು ದಿನ ಎಂದರೆ ಮಾರ್ಚ್ 17. ಒಣಗಲು ಹದಿನೈದು ದಿನ, ಅಂದರೆ ಗೊನೆ ಅದ್ದುವುದು ಮಾರ್ಚ್ 2. ಲೀಟರ್ ನೀರಿಗೆ 15 ಮಿಲಿ ಡಿಪ್ಪಿಂಗ್ ಆಯಿಲ್, 25 ಗ್ರಾಂ ಪೊಟ್ಯಾಷಿಯಂ ಕಾರ್ಬೋನೇಟ್, ಅದರಲ್ಲಿ ಎರಡು ಮೂರು ನಿಮಿಷ. ಕಾಳಿನ ಮೈಮೇಲಿನ ಮೇಣ ಸಡಿಲವಾಗಿ ಒಳಗಿನ ನೀರಿಗೆ ದಾರಿ ಸಿಗುವುದು ಇದರಿಂದಲೇ. ಇದನ್ನು ಬಿಟ್ಟರೆ ಹದಿನೈದು ದಿನದ ಮಾತು ಎತ್ತಲೇಬಾರದು. ಮಾರ್ಚ್ 2ರಿಂದ ಸಕ್ಕರೆ ತುಂಬುವ 135 ದಿನ ಹಿಂದಕ್ಕೆ ಹೋದರೆ ಅಕ್ಟೋಬರ್ 18. ಆ ದಿನ ಚಾಟ್ನಿ.

ನಿಮ್ಮಂಥವರು, ನನ್ನಂಥವರು ಇಲ್ಲಿಗೆ ಲೆಕ್ಕ ಮುಗಿಸಿ ಚಹಾ ಕುಡಿಯುತ್ತೇವೆ. ಕಾಕಾ ಮತ್ತೆ ಹಾಳೆ ತಿರುವುತ್ತಾನೆ. ಅಕ್ಟೋಬರ್‌ನಲ್ಲಿ ಕಡ್ಡಿ ಕತ್ತರಿಸಿದಾಗ ಹೊರಡುವ ಗೊನೆ ಅಕ್ಟೋಬರ್‌ನಲ್ಲಿ ಹುಟ್ಟಿದ್ದಲ್ಲ. ಬ್ಯಾಸಿಗೆಯ ಚಾಟ್ನಿ ಆದ ಮೇಲೆ, ಒಂದೂವರೆ ಎರಡು ತಿಂಗಳ ಸುಮಾರಿಗೆ, ಎಳೆಕಡ್ಡಿಯ ಕಣ್ಣಿನೊಳಗೆ ಅದು ಆಗಲೇ ಕೂತಿರುತ್ತದೆ. ಕಡ್ಡಿ ಬಲಿಯಲು ಆರು ತಿಂಗಳು ಬೇಕು. ಅಕ್ಟೋಬರ್ 18ರಿಂದ 180 ದಿನ ಹಿಂದಕ್ಕೆ ಎಣಿಸಿದರೆ ಏಪ್ರಿಲ್ 21. ಅದಕ್ಕೂ ಮೊದಲು ಬಳ್ಳಿಗೆ ಎರಡು ಮೂರು ವಾರ ವಿಶ್ರಾಂತಿ. ಹಾಗಾದರೆ ಈ ವರ್ಷದ ಹಣ್ಣು ಮಾರ್ಚ್ ಮುಗಿಯುವುದರೊಳಗೆ ಬಳ್ಳಿಯಿಂದ ಇಳಿದಿರಲೇಬೇಕು. ಬರುವ ಮಾರ್ಚಿನ ಗಡುವು ಈ ಮಾರ್ಚಿನ ಗಡುವಿನ ಬಾಲ ಹಿಡಿದುಕೊಂಡಿದೆ. ಒಮ್ಮೆ ತಪ್ಪಿದವನು ಮುಂದಿನ ವರ್ಷವೂ ಓಡುತ್ತಲೇ ಇರುತ್ತಾನೆ.

"ಹಂಗಾದ್ರ ಎಲ್ಲಾನೂ ಒಂದು ವಾರ ಮೊದ್ಲ ಮಾಡಿಬಿಡ್ರಲಾ ಕಾಕಾ" ಎಂದು ಒಮ್ಮೆ ಕೇಳಿದ್ದೆ. ಪೇಟೆಯವರಿಗೆ ಬುದ್ಧಿ ಹೇಳುವ ಅವಕಾಶ ಕಾಕಾ ಬಿಡುವುದಿಲ್ಲ. "ಮೊದ್ಲ ಕತ್ತರಿಸಿದ್ರ ಎಳೀ ಚಿಗುರಿನ ಮ್ಯಾಲ ಹಿಂಗಾರಿ ಮಳಿ ಬೀಳ್ತದ, ದಾವಣಿ ರೋಗ ಬಂದು ಗೊನೀ ಸುಡ್ತದ. ತಡಾ ಮಾಡಿದ್ರ ಕಾಳು ಹಿಗ್ಗೂ ಹೊತ್ತಿಗೆ ಥಂಡಿ ಹಿಡೀತದ, 135 ಹೋಗಿ 145 ಆಗ್ತದ. ನಡುವ ಸಂದಿ ಸಣ್ಣದದ ತಮ್ಮಾ." ಹತ್ತು ದಿನ ತಡವಾದರೆ ಕೊಯ್ಲನ್ನೇ ಅವಸರ ಮಾಡಬಹುದಲ್ಲ? ಆಗ ಕಾಕಾ ಕಿಸೆಯಿಂದ ಸಕ್ಕರೆ ನೋಡುವ ದುರ್ಬೀನು ತೆಗೆಯುತ್ತಾನೆ. ರಸದ ಹನಿ ಹಾಕಿ, ಸೂರ್ಯನ ಕಡೆ ಹಿಡಿದು, ಒಂದು ಕಣ್ಣು ಮುಚ್ಚುತ್ತಾನೆ. 22 ಬ್ರಿಕ್ಸ್ ಇದ್ದರೆ ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. 18ಕ್ಕೇ ಕೊಯ್ದರೆ ಹತ್ತಿರ ಹತ್ತಿರ ಐದು ಕಿಲೋ ಬೇಕು, ಕಾಳೂ ಸೊರಗಿರುತ್ತದೆ. ಬಳ್ಳಿಯ ದಿನ ಕದ್ದರೆ ತೂಕದಲ್ಲಿ ತೀರಿಸಬೇಕು.

ಇಷ್ಟೆಲ್ಲ ಬಲ್ಲ ಕಾಕಾ ಸೋಲುವುದು ಮನುಷ್ಯರ ಮುಂದೆ. ಅಕ್ಟೋಬರ್ 18ಕ್ಕೆ ಬಂದು ಮುಟ್ಟಿದವನು ಅವನೊಬ್ಬನೇ ಅಲ್ಲ. ತಿಕೋಟಾದ ಎಲ್ಲ ಕಾಕಾಗಳೂ ಅದೇ ಮಳೆಗೆ ಹೆದರಿ, ಅದೇ 135 ಕಳೆದು, ಅದೇ ವಾರಕ್ಕೆ ಬಂದು ನಿಂತಿರುತ್ತಾರೆ. ಕತ್ತರಿ ಹಿಡಿಯುವ ಗ್ಯಾಂಗುಗಳು ಮಾತ್ರ ಕೈಬೆರಳಷ್ಟು. ಅದಕ್ಕೇ ಕಾಕಾ ಒಂದು ಉಪಾಯ ಮಾಡಿದ. 18ಕ್ಕೆ ಆಳು ಬೇಕಿದ್ದರೂ ಮುಕಾದಮನಿಗೆ 14 ಎಂದು ಹೇಳಿದ. ನಾಲ್ಕು ದಿನ ತನ್ನ ಕಿಸೆಯಲ್ಲಿ ಭದ್ರ ಎಂದುಕೊಂಡ. ಮೊದಲ ವರ್ಷ 14ಕ್ಕೆ ಗ್ಯಾಂಗ್ ಬಂತು. ಹಿಂಗಾರು ಇನ್ನೂ ಹೋಗಿಲ್ಲ ಎಂದು ಕಾಕಾ ಅವರನ್ನು ನಾಲ್ಕು ದಿನ ಬೇವಿನ ನೆರಳಿಗೆ ಕೂರಿಸಿ ಚಹಾ ಕುಡಿಸಿದ. ಮುಕಾದಮನಿಗೂ ಎಣಿಕೆ ಬರುತ್ತದೆ. ಮರುವರ್ಷ 14 ಎಂದರೆ 18ಕ್ಕೇ ಬಂದ. ಕಾಕಾ ಅದರ ಮುಂದಿನ ವರ್ಷ 10 ಎಂದ, ಅವನು ಆಗಲೂ 18ಕ್ಕೇ ಬಂದ. ಕೊನೆಗೆ ಒಂದು ವರ್ಷ ಬೇಸತ್ತು "18 ಅಂದ್ರ 18, ದೇವರಾಣಿ" ಎಂದು ನಿಜ ಹೇಳಿದ. ಗ್ಯಾಂಗ್ 26ಕ್ಕೆ ಬಂತು.

ಮುಚ್ಚಿಟ್ಟ ದಿನಗಳ ಕಥೆಯೇ ಇಷ್ಟು. ಒಬ್ಬ ಕಿಸೆಯಲ್ಲಿಟ್ಟುಕೊಂಡದ್ದನ್ನು ಎಲ್ಲರೂ ಮೊದಲೇ ಕಂಡು ಖರ್ಚು ಮಾಡಿರುತ್ತಾರೆ. ಮಗ ಒಂದು ದಾರಿ ಹೇಳಿದ. ಪಡವನ್ನು ಎರಡು ಪಾಲು ಮಾಡಿ ಒಂದನ್ನು 15ಕ್ಕೆ, ಇನ್ನೊಂದನ್ನು 21ಕ್ಕೆ ಕತ್ತರಿಸೋಣ, ಮುಕಾದಮನಿಗೆ ಎರಡೂ ತಾರೀಖು ಬಾಯಿಬಿಟ್ಟು ಹೇಳಿ ಮುಂಗಡ ಕೊಡೋಣ, ಒಂದೇ ಶೆಡ್ಡಿನಲ್ಲಿ ಮಾಲು ಒಂದರ ಹಿಂದೆ ಒಂದು ಒಣಗುತ್ತದೆ ಎಂದ. ಲೆಕ್ಕ ಚೊಕ್ಕವಾಗಿತ್ತು. ಎರಡನೇ ಪಾಲು ಮಾತ್ರ ಮಾರ್ಚ್ 20 ದಾಟುತ್ತಿತ್ತು. ಕಾಕಾ ಹಾಳೆಯನ್ನು ಬಹಳ ಹೊತ್ತು ನೋಡಿ, "ಅರ್ಧಾ ಮಳೀಗೆ, ಅರ್ಧಾ ಮುಕಾದಮಗ ಹೆದರೂದು ಅಂದಂಗಾತು" ಎಂದು ಒಪ್ಪಿಕೊಂಡ.

ವಿಜಯಪುರಕ್ಕೆ ಔಷಧಿ ತರಲು ಹೋದಾಗ ಕಾಕಾ ಬಾರಾಕಮಾನಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾನೆ. ಎರಡನೇ ಅಲಿ ಆದಿಲ್‌ಶಾಹ 1656ರಲ್ಲಿ ಪಟ್ಟಕ್ಕೆ ಬಂದು ತನ್ನ ಗೋರಿಗೆ ಕೈಹಾಕಿದ, 1672ರಲ್ಲಿ ತೀರಿಕೊಂಡ. ಬರೀ ಕಮಾನುಗಳು ನಿಂತವು, ಮೇಲೆ ಗುಮ್ಮಟವಿಲ್ಲ. "ಪಾಪ, ಅವನ್ದು ತಪ್ಪಲ್ಲ. ಕಡೀ ತಾರೀಖು ಗೊತ್ತಿಲ್ಲದವ ಹಿಂದಕ ಎಲ್ಲಿಂದ ಎಣಸ್ಯಾನು?" ಎನ್ನುತ್ತಾನೆ, ಅದೂ ಒಳ್ಳೇ ಕಂಟ್ರಾಕ್ಟುದಾರನ ಧಾಟಿಯಲ್ಲಿ.

ಈಗೀಗ ಬೀಗರು ಬಿಜ್ಜರು ಕೂಡ ಕಾಕಾನ ವಿದ್ಯೆ ಕಲಿತಿದ್ದಾರೆ. ಹೋದ ಸಲ ತಂಗಿಯ ಮಗಳ ಮದುವೆಗೆ ಅಕ್ಷತೆ 12:35ಕ್ಕೆ ಇತ್ತು. ಪಡ ಬಿಟ್ಟು ಅಣ್ಣ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ಗೊತ್ತಿದ್ದ ತಂಗಿ, ಅವನೊಬ್ಬನ ಸಲುವಾಗಿ 11:35 ಎಂದು ಬೇರೆ ಕಾರ್ಡು ಮಾಡಿಸಿ ಕಳಿಸಿದಳು. ಕಾಕಾ ಕಾರ್ಡನ್ನು ದೂರ ಹಿಡಿದು ಓದಿದ. ಹಿಂದೆ ಮುಂದೆ ತಿರುವಿದ. "ಇಕಿ ನನ್ನ ತಂಗಿ. 11:35 ಅಂದಾಳಂದ್ರ 12:35. ಊಟದ ಪಂಕ್ತಿ 1:30ಕ್ಕ. ನಾವು 1ಕ್ಕ ಮನಿ ಬಿಡೂಣು" ಎಂದು ಹೆಂಡತಿಗೆ ಹೇಳಿ, ಕತ್ತರಿ ಎತ್ತಿಕೊಂಡು ಪಡಕ್ಕೆ ನಡೆದ. ಕಾಕೂ ಉತ್ತರ ಕೊಡಲಿಲ್ಲ. ಗಡಿಯಾರದ ಮುಳ್ಳನ್ನು ಆಕೆ ಬೆಳಿಗ್ಗೆಯೇ ಒಂದು ತಾಸು ಮುಂದಿಟ್ಟಿದ್ದಳು.